ಶ್ವಾಸಕೋಶದ ಸ್ಟ್ರೆಚ್ ರಿಸೆಪ್ಟರ್, ಇನ್‌ಫ್ಲೇಷನ್ ರಿಫ್ಲೆಕ್ಸ್ ಮತ್ತು ಕೆಮ್ಮು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಮೆಡಿಕಲ್, ನರ್ಸಿಂಗ್ ಮತ್ತು ಫಿಸಿಯೋಥೆರಪಿ ಮೊದಲ ವರ್ಷದ ಹುಡುಗ ಹುಡುಗಿಯರು ಪರೀಕ್ಷೆ ಹತ್ತಿರ ಬಂದಾಗ ಕೇಳುವ ಪ್ರಶ್ನೆಗಳು ಇವು. ಜಾಸ್ತಿ ಜನ ಪಿಯುಸಿವರೆಗೆ ಕನ್ನಡದಲ್ಲಿ ಯೋಚಿಸಿ ಬಂದವರು. ಪಾಠ ಬಾಯಿಪಾಠ ಆಗಿರುತ್ತದೆ, ಆದರೆ "ಯಾಕೆ" ಅಂತ ಕೇಳಿದರೆ ನಿಂತುಬಿಡುತ್ತಾರೆ. ಅದಕ್ಕೇ ಉತ್ತರಗಳನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಎರಡು ಮೂರು ಅಂಕದ ಪ್ರಶ್ನೆಗೆ ಇದರಲ್ಲಿ ಎಷ್ಟು ಬರೆಯಬೇಕು ಅನ್ನುವುದನ್ನು ಅಲ್ಲಲ್ಲೇ ಹೇಳಿದ್ದೇನೆ.

ಸ್ಟ್ರೆಚ್ ರಿಸೆಪ್ಟರ್ ಎಲ್ಲಿರುತ್ತದೆ? ಗಾಳಿಗೂಡುಗಳಲ್ಲಿ ಅಂತ ಬರೆದರೆ ತಪ್ಪಾ?

ತಪ್ಪು. ಹೆಸರಿನಲ್ಲಿ "ಶ್ವಾಸಕೋಶ" ಇರುವುದರಿಂದ ಎಲ್ಲರಿಗೂ ಆಲ್ವಿಯೋಲೈ ನೆನಪಾಗುತ್ತದೆ. ಆದರೆ ಈ ರಿಸೆಪ್ಟರ್‌ಗಳು ಇರುವುದು ಗಾಳಿ ಹೋಗುವ ಕೊಳವೆಗಳ ಗೋಡೆಯಲ್ಲಿ, ಅಲ್ಲಿನ ನಯ ಸ್ನಾಯುವಿನ ಒಳಗೆ. ಶ್ವಾಸನಾಳ, ಬ್ರಾಂಕೈ ಮತ್ತು ಬ್ರಾಂಕಿಯೋಲ್‌ಗಳ ಗೋಡೆ ಹಿಗ್ಗಿದಾಗ ಸ್ನಾಯು ಎಳೆದುಕೊಳ್ಳುತ್ತದೆ, ಅದರೊಳಗಿನ ನರದ ತುದಿ ಸಿಗ್ನಲ್ ಕಳಿಸುತ್ತದೆ. ಸಿಗ್ನಲ್ ಹೋಗುವುದು ವೇಗಸ್ ನರದ ಮೈಲಿನ್ ಹೊದಿಕೆಯ ನಾರುಗಳಲ್ಲಿ. "ನಯ ಸ್ನಾಯು", "ವೇಗಸ್", "ಮೈಲಿನ್ ಇರುವ ನಾರು" ಈ ಮೂರೂ ಉತ್ತರದಲ್ಲಿ ಬಂದರೆ ಜಾಗದ ಪ್ರಶ್ನೆ ಮುಗಿಯಿತು.

ನಿಧಾನವಾಗಿ ಹೊಂದಿಕೊಳ್ಳುವುದು, ಬೇಗ ಹೊಂದಿಕೊಳ್ಳುವುದು ಅಂದರೆ ಏನು?

ಇದನ್ನು ಬರೆಯುವುದಕ್ಕಿಂತ ಚಿತ್ರ ಬಿಡಿಸಿ ತೋರಿಸುವುದು ಸುಲಭ. ಶ್ವಾಸಕೋಶವನ್ನು ಹಿಗ್ಗಿಸಿ ಕೆಲವು ಸೆಕೆಂಡು ಹಾಗೇ ಹಿಡಿದಿದ್ದೀರಿ ಅಂತ ಇಟ್ಟುಕೊಳ್ಳಿ. ಮೇಲೆ ಒಂದು ಗೆರೆ, ಅದು ಶ್ವಾಸಕೋಶದ ಗಾತ್ರ. ಅದು ಏರಿ ಸಮತಟ್ಟಾಗಿ ನಿಲ್ಲುತ್ತದೆ. ಕೆಳಗೆ ಎರಡು ಸಾಲು ಗೀಟುಗಳು, ಒಂದೊಂದು ಗೀಟು ಒಂದೊಂದು ನರ ಸಿಗ್ನಲ್.

ಸ್ಟ್ರೆಚ್ ರಿಸೆಪ್ಟರಿನ ಸಾಲಿನಲ್ಲಿ ಗಾತ್ರ ಏರುವಾಗ ಗೀಟುಗಳು ಒತ್ತೊತ್ತಾಗಿ ಬರುತ್ತವೆ. ಗಾತ್ರ ಹಾಗೇ ನಿಂತ ಮೇಲೂ ಸ್ವಲ್ಪ ವಿರಳವಾಗಿ ಬರುತ್ತಲೇ ಇರುತ್ತವೆ. ಶ್ವಾಸಕೋಶ ಹಿಗ್ಗಿರುವಷ್ಟು ಹೊತ್ತೂ ಅದು ಸುಮ್ಮನಾಗುವುದಿಲ್ಲ. ಇದೇ ನಿಧಾನ ಹೊಂದಾಣಿಕೆ. ಇನ್ನೊಂದು ಸಾಲು ಹೊಗೆ, ಧೂಳಿಗೆ ಎಚ್ಚರಗೊಳ್ಳುವ ಇರಿಟೆಂಟ್ ರಿಸೆಪ್ಟರಿನದು. ಅದರಲ್ಲಿ ಹಿಗ್ಗುವ ಹೊತ್ತಿನಲ್ಲಿ ಗೀಟುಗಳು ಒಂದೇ ಸಲ ದಬದಬ ಬಂದು, ಒಂದು ಸೆಕೆಂಡು ಆಗುವಷ್ಟರಲ್ಲಿ ಹೆಚ್ಚುಕಡಿಮೆ ನಿಂತುಹೋಗುತ್ತವೆ. ಅದಕ್ಕೇ ಇರಿಟೆಂಟ್ ರಿಸೆಪ್ಟರಿಗೆ ಇನ್ನೊಂದು ಹೆಸರು "ಬೇಗ ಹೊಂದಿಕೊಳ್ಳುವ ರಿಸೆಪ್ಟರ್".

ಕೆಲಸಕ್ಕೂ ಇದಕ್ಕೂ ನೇರ ಸಂಬಂಧ ಇದೆ. "ಈಗ ಎಷ್ಟು ಹಿಗ್ಗಿದೆ" ಅಂತ ಮೆದುಳಿಗೆ ಹೇಳಬೇಕಾದರೆ ಸಿಗ್ನಲ್ ನಿಲ್ಲಬಾರದು. "ಈಗ ಏನೋ ಬದಲಾಯಿತು" ಅಂತ ಹೇಳುವುದಕ್ಕೆ ಒಂದು ಸಲ ಕೂಗಿದರೆ ಸಾಕು.

ಹೆರಿಂಗ್–ಬ್ರೂಯರ್ ಇನ್‌ಫ್ಲೇಷನ್ ರಿಫ್ಲೆಕ್ಸ್ ಅಂದರೆ ಏನು?

ಶ್ವಾಸಕೋಶ ಜಾಸ್ತಿ ಹಿಗ್ಗಿದರೆ ಉಸಿರೆಳೆಯುವುದು ನಿಲ್ಲುತ್ತದೆ. ಇದನ್ನು 1868ರಲ್ಲಿ ಎವಾಲ್ಡ್ ಹೆರಿಂಗ್ ಮತ್ತು ಜೋಸೆಫ್ ಬ್ರೂಯರ್ ವಿವರಿಸಿದರು, ಹೆಸರು ಅಲ್ಲಿಂದ ಬಂತು.

ದಾರಿ ಹೀಗಿದೆ. ಉಸಿರೆಳೆದಂತೆ ಸ್ಟ್ರೆಚ್ ರಿಸೆಪ್ಟರ್ ಎಚ್ಚರಗೊಳ್ಳುತ್ತದೆ. ಸಿಗ್ನಲ್ ವೇಗಸ್ ಮೂಲಕ ಮೆಡುಲ್ಲಾದ ಎನ್‌ಟಿಎಸ್‌ಗೆ, ಅಂದರೆ ನ್ಯೂಕ್ಲಿಯಸ್ ಟ್ರ್ಯಾಕ್ಟಸ್ ಸೊಲಿಟೇರಿಯಸ್‌ಗೆ ಬರುತ್ತದೆ. ಅಲ್ಲಿಂದ ಉಸಿರೆಳೆಯುವ ನರಕೋಶಗಳಿಗೆ ತಡೆ ಬೀಳುತ್ತದೆ. ಫ್ರೆನಿಕ್ ನರದಲ್ಲಿ ಸಿಗ್ನಲ್ ಇಳಿಯುತ್ತದೆ, ವಪೆ ಸಡಿಲವಾಗುತ್ತದೆ, ಉಸಿರು ಹೊರಗೆ ಹೋಗುತ್ತದೆ. ಶ್ವಾಸಕೋಶ ಹಿಗ್ಗಿರುವವರೆಗೂ ಮುಂದಿನ ಉಸಿರೆಳೆತ ಶುರುವಾಗುವುದಿಲ್ಲ, ಅಂದರೆ ಉಸಿರು ಬಿಡುವ ಹೊತ್ತು ಉದ್ದವಾಗುತ್ತದೆ.

ಜೊತೆಗೆ ಎರಡು ಚಿಕ್ಕ ಪರಿಣಾಮಗಳಿವೆ. ಗಾಳಿಕೊಳವೆಗಳು ಸ್ವಲ್ಪ ಅಗಲವಾಗುತ್ತವೆ, ಹೃದಯ ಬಡಿತ ಸ್ವಲ್ಪ ಏರುತ್ತದೆ. ಇವನ್ನು ಬರೆದರೆ ಒಳ್ಳೆಯದು, ಬಿಟ್ಟರೆ ದೊಡ್ಡ ನಷ್ಟವಿಲ್ಲ.

ಹಾಗಾದರೆ ನಾವು ಸುಮ್ನೆ ಕೂತಾಗ ಪ್ರತಿ ಉಸಿರನ್ನೂ ನಿಲ್ಲಿಸುವುದು ಈ ರಿಫ್ಲೆಕ್ಸೇ ಅಲ್ವಾ?

ಅಲ್ಲ. ಅತಿ ಹೆಚ್ಚು ಅಂಕ ಹೋಗುವುದು ಇಲ್ಲೇ.

ದೊಡ್ಡವರಲ್ಲಿ ಒಂದು ಸಾಮಾನ್ಯ ಉಸಿರು ಸುಮಾರು 500 ಮಿ.ಲೀ. ಈ ರಿಫ್ಲೆಕ್ಸ್ ಕೆಲಸಕ್ಕೆ ಇಳಿಯುವುದು ಉಸಿರಿನ ಗಾತ್ರ ಅದರ ಮೂರು ಪಟ್ಟು, ಅಂದರೆ ಸುಮಾರು 1.5 ಲೀಟರ್ ದಾಟಿದ ಮೇಲೆ. ಕೆಲವು ಪುಸ್ತಕಗಳಲ್ಲಿ 1 ಲೀಟರ್ ಅಂತಲೂ ಇದೆ. ಯಾವುದನ್ನು ಬರೆದರೂ ಸರಿ, ಆದರೆ "ಸಾಮಾನ್ಯ ಉಸಿರಿಗಿಂತ ತುಂಬಾ ಜಾಸ್ತಿ" ಅನ್ನುವ ಮಾತು ಉತ್ತರದಲ್ಲಿ ಇರಲೇಬೇಕು. ಕೂತು ಓದುವಾಗ, ಮಲಗಿದಾಗ ಉಸಿರನ್ನು ಒಳಗೆ–ಹೊರಗೆ ತಿರುಗಿಸುವುದು ಮೆದುಳಿನ ಕಾಂಡದ ನರಕೋಶಗಳ ತಮ್ಮದೇ ಲಯ.

ಸಾಕ್ಷಿ ಏನು ಅಂತ ವೈವಾದಲ್ಲಿ ಕೇಳಬಹುದು. 1960ರ ದಶಕದಲ್ಲಿ ಎಚ್ಚರವಿರುವ ಮನುಷ್ಯರಲ್ಲೇ ಎರಡೂ ವೇಗಸ್ ನರಗಳಿಗೆ ಮರಗಟ್ಟುವ ಔಷಧಿ ಕೊಟ್ಟು ನೋಡಿದರು. ವಿಶ್ರಾಂತಿಯಲ್ಲಿ ಅವರ ಉಸಿರಾಟ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಹೃದಯ ಮತ್ತು ಶ್ವಾಸಕೋಶ ಎರಡನ್ನೂ ಕಸಿ ಮಾಡಿಸಿಕೊಂಡವರಲ್ಲಿ ಹೊಸ ಶ್ವಾಸಕೋಶಕ್ಕೆ ವೇಗಸ್ ಸಂಪರ್ಕವೇ ಇರುವುದಿಲ್ಲ. ಅವರೂ ವಿಶ್ರಾಂತಿಯಲ್ಲಿ ಸರಿಯಾಗೇ ಉಸಿರಾಡುತ್ತಾರೆ.

ಪ್ರಾಣಿಗಳ ಕತೆ ಬೇರೆ. ಅರಿವಳಿಕೆ ಕೊಟ್ಟ ಮೊಲದಲ್ಲೋ ಬೆಕ್ಕಿನಲ್ಲೋ ಎರಡೂ ವೇಗಸ್ ಕತ್ತರಿಸಿದರೆ ಉಸಿರು ತಕ್ಷಣ ನಿಧಾನವೂ ಆಳವೂ ಆಗುತ್ತದೆ. ಉಸಿರೆಳೆತವನ್ನು ತಡೆಯುವ ಸುದ್ದಿ ಬರುವುದು ನಿಂತಿತು, ಹಾಗಾಗಿ ಪ್ರತಿ ಉಸಿರೂ ಉದ್ದವಾಯಿತು. ಪುಸ್ತಕದ ಗ್ರಾಫ್ ಜಾಸ್ತಿ ಇದೇ ಪ್ರಯೋಗದ್ದು. ಅದನ್ನು ನೋಡಿ ಮನುಷ್ಯನಲ್ಲೂ ಹೀಗೇ ಅಂತ ಬರೆದುಬಿಡುವುದರಿಂದಲೇ ಈ ಎಡವಟ್ಟು ಆಗುತ್ತದೆ.

ಹಾಗಿದ್ದರೆ ಮನುಷ್ಯನಲ್ಲಿ ಇದರ ಉಪಯೋಗ ಯಾವಾಗ?

ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದನ್ನು ಹೇಳುವುದು ಸುಲಭ. ಕೆಳಗಿನ ಬಾಗಿಲಲ್ಲಿ ಟಿಕೆಟ್ ತೆಗೆಸುವಾಗ ನಿಮಿಷಕ್ಕೆ 14 ಉಸಿರು, ಒಂದೊಂದು 500 ಮಿ.ಲೀ. ಅಂತಿರಲಿ. ನಿಮಿಷಕ್ಕೆ 7 ಲೀಟರ್ ಆಯಿತು. ಬಂಡೆ ಹತ್ತಲು ಶುರು ಮಾಡಿದಾಗ ಮೊದಲು ಉಸಿರಿನ ಆಳ ಜಾಸ್ತಿಯಾಗುತ್ತದೆ. ಆಗ ಒಂದೊಂದು ಉಸಿರೆಳೆತಕ್ಕೆ ಹಿಡಿಯುವ ಹೊತ್ತು ಅಷ್ಟೇನೂ ಬದಲಾಗುವುದಿಲ್ಲ. ಮೇಲೆ ಹೋದಂತೆ ಉಸಿರಿನ ಗಾತ್ರ ಲೀಟರ್ ದಾಟಿ ಮೇಲೇರುತ್ತದೆ. ಅಲ್ಲಿಂದಾಚೆ ಸ್ಟ್ರೆಚ್ ರಿಸೆಪ್ಟರಿನ ತಡೆ ಸೇರಿಕೊಂಡು ಉಸಿರೆಳೆಯುವ ಹೊತ್ತು ಕಡಿಮೆಯಾಗುತ್ತಾ ಹೋಗುತ್ತದೆ. ಆಗ ಉಸಿರಿನ ಸಂಖ್ಯೆ ಏರುತ್ತದೆ.

ಈಗ ನಿಮಿಷಕ್ಕೆ 40 ಲೀಟರ್ ಬೇಕು ಅಂತಿಟ್ಟುಕೊಳ್ಳಿ. ಒಂದು ಉಸಿರಿಗೆ 2.5 ಲೀಟರಿನಂತೆ 16 ಸಲ ಉಸಿರಾಡಬಹುದು, 1.6 ಲೀಟರಿನಂತೆ 25 ಸಲವೂ ಉಸಿರಾಡಬಹುದು. ಮೊದಲ ದಾರಿಯಲ್ಲಿ ಪ್ರತಿ ಸಲವೂ ಶ್ವಾಸಕೋಶವನ್ನು ಬಿಗಿಯಾಗುವವರೆಗೆ ಎಳೆಯಬೇಕು, ಅದಕ್ಕೆ ಸ್ನಾಯುವಿನ ಶ್ರಮ ಜಾಸ್ತಿ. ದೇಹ ಎರಡನೆಯ ಕಡೆಗೇ ವಾಲುತ್ತದೆ. ಇದಕ್ಕೆ ಸ್ಟ್ರೆಚ್ ರಿಸೆಪ್ಟರ್ ಒಂದೇ ಕಾರಣ ಅಂತ ಬರೆಯಬೇಡಿ. ಅದು ಹಲವು ಕಾರಣಗಳಲ್ಲಿ ಒಂದು. ಶ್ವಾಸಕೋಶ ಅತಿಯಾಗಿ ಹಿಗ್ಗದಂತೆ ಕಾಯುವುದು ಅದರ ಮುಖ್ಯ ಕೆಲಸ.

ಇನ್ನೊಂದು ಜಾಗ ಹಸುಗೂಸು. ಅವುಗಳಲ್ಲಿ ಈ ರಿಫ್ಲೆಕ್ಸ್ ಸಾಮಾನ್ಯ ಉಸಿರಿನಲ್ಲೂ ಕೆಲಸ ಮಾಡುತ್ತದೆ. ಪತ್ತೆ ಮಾಡುವ ವಿಧಾನವೂ ಸರಳ. ಮಗು ಉಸಿರೆಳೆದು ಮುಗಿಸಿದ ಕ್ಷಣದಲ್ಲಿ ಮುಖದ ಮಾಸ್ಕಿನ ದಾರಿಯನ್ನು ಒಂದು ಗಳಿಗೆ ಮುಚ್ಚುತ್ತಾರೆ. ಗಾಳಿ ಒಳಗೇ ಉಳಿಯುತ್ತದೆ, ಸಿಗ್ನಲ್ ಮುಂದುವರಿಯುತ್ತದೆ, ಮಗು ಮುಂದಿನ ಉಸಿರೆಳೆಯಲು ಯತ್ನಿಸುವುದು ತಡವಾಗುತ್ತದೆ. ಎಷ್ಟು ತಡವಾಯಿತೋ ರಿಫ್ಲೆಕ್ಸ್ ಅಷ್ಟು ಜೋರು. ದೊಡ್ಡವರಲ್ಲಿ 500 ಮಿ.ಲೀ. ಉಸಿರಿನ ಕೊನೆಗೆ ಇದೇ ರೀತಿ ಮುಚ್ಚಿದರೆ ಅಂಥ ವ್ಯತ್ಯಾಸ ಕಾಣುವುದಿಲ್ಲ.

ಇನ್‌ಫ್ಲೇಷನ್ ರಿಫ್ಲೆಕ್ಸಿಗೆ ಮೂರು ಅಂಕದ ಉತ್ತರ ಎಷ್ಟು ಬರೆಯಲಿ?

ಇಷ್ಟು ಸಾಕು: "ಶ್ವಾಸಕೋಶ ಹೆಚ್ಚು ಹಿಗ್ಗಿದಾಗ ಗಾಳಿಕೊಳವೆಗಳ ನಯ ಸ್ನಾಯುವಿನಲ್ಲಿರುವ, ನಿಧಾನವಾಗಿ ಹೊಂದಿಕೊಳ್ಳುವ ಸ್ಟ್ರೆಚ್ ರಿಸೆಪ್ಟರ್‌ಗಳು ಪ್ರಚೋದನೆಗೊಳ್ಳುತ್ತವೆ. ಸಿಗ್ನಲ್ ವೇಗಸ್ ಮೂಲಕ ಮೆಡುಲ್ಲಾ ತಲುಪಿ ಉಸಿರೆಳೆತವನ್ನು ತಡೆಯುತ್ತದೆ, ಉಸಿರು ಬಿಡುವ ಅವಧಿಯನ್ನು ಹೆಚ್ಚಿಸುತ್ತದೆ. ವಯಸ್ಕರಲ್ಲಿ ಇದು ಉಸಿರಿನ ಗಾತ್ರ ಸುಮಾರು 1.5 ಲೀಟರ್ ದಾಟಿದ ಮೇಲೆ ಮಾತ್ರ ಕಾಣಿಸುತ್ತದೆ. ನವಜಾತ ಶಿಶುಗಳಲ್ಲಿ ಪ್ರಬಲ. ಅತಿಯಾದ ಹಿಗ್ಗುವಿಕೆಯಿಂದ ರಕ್ಷಣೆ ಇದರ ಕೆಲಸ." ಪಕ್ಕದಲ್ಲಿ ಒಂದು ಬಾಣದ ಚಿತ್ರ ಇದ್ದರೆ ಪೇಪರ್ ನೋಡುವವರಿಗೂ ಅನುಕೂಲ.

ಡಿಫ್ಲೇಷನ್ ರಿಫ್ಲೆಕ್ಸ್?

ಶ್ವಾಸಕೋಶ ತುಂಬಾ ಕುಗ್ಗಿದರೆ ಉಸಿರು ಬಿಡುವುದು ಬೇಗ ಮುಗಿದು ಉಸಿರೆಳೆತ ಶುರುವಾಗುತ್ತದೆ. ಎರಡು ಸಾಲು ಸಾಕು.

ಇರಿಟೆಂಟ್ ರಿಸೆಪ್ಟರ್ ಎಲ್ಲಿರುತ್ತದೆ, ಯಾವುದಕ್ಕೆ ಎಚ್ಚರಗೊಳ್ಳುತ್ತದೆ?

ಇವು ಸ್ನಾಯುವಿನಲ್ಲಿಲ್ಲ. ಗಾಳಿಕೊಳವೆಯ ಒಳಪದರದ ಜೀವಕೋಶಗಳ ಸಂದುಗಳಲ್ಲಿ, ಮೇಲ್ಮೈಗೆ ತೀರಾ ಹತ್ತಿರ ಇರುತ್ತವೆ. ಶ್ವಾಸನಾಳ ಎರಡಾಗಿ ಒಡೆಯುವ ಕರೀನಾ ಜಾಗದಲ್ಲಿ ಮತ್ತು ದೊಡ್ಡ ಬ್ರಾಂಕೈಗಳಲ್ಲಿ ದಟ್ಟವಾಗಿವೆ. ಇವುಗಳ ಸಿಗ್ನಲ್ ಕೂಡ ಹೋಗುವುದು ವೇಗಸ್‌ನ ಮೈಲಿನ್ ನಾರುಗಳಲ್ಲೇ. ಹೊಗೆ, ಧೂಳು, ತಣ್ಣನೆ ಗಾಳಿ, ಘಾಟಿನ ಅನಿಲ ಇವುಗಳಿಂದ ಪ್ರಚೋದನೆಗೊಳ್ಳುತ್ತವೆ. ದೇಹದೊಳಗೇ ಹುಟ್ಟುವ ಹಿಸ್ಟಮಿನ್‌ನಿಂದಲೂ ಆಗುತ್ತವೆ.

ಉತ್ತರವಾಗಿ ಏನಾಗುತ್ತದೆ ಅನ್ನುವುದು ಜಾಗದ ಮೇಲಿದೆ. ಶ್ವಾಸನಾಳ ಮತ್ತು ದೊಡ್ಡ ಕೊಳವೆಗಳಲ್ಲಿ ಕೆರಳಿದರೆ ಕೆಮ್ಮು. ಇನ್ನೂ ಕೆಳಗೆ, ಚಿಕ್ಕ ಕೊಳವೆಗಳಲ್ಲಿ ಕೆರಳಿದರೆ ಉಸಿರಾಟ ವೇಗವಾಗುತ್ತದೆ, ಕೊಳವೆ ಬಿಗಿಯುತ್ತದೆ, ಲೋಳೆ ಜಾಸ್ತಿಯಾಗುತ್ತದೆ. ಸ್ಟ್ರೆಚ್ ರಿಸೆಪ್ಟರ್ ಕೊಳವೆಯನ್ನು ಅಗಲ ಮಾಡಿದರೆ ಇದು ಕಿರಿದು ಮಾಡುತ್ತದೆ. ವ್ಯತ್ಯಾಸ ಬರೆಯಿರಿ ಅಂತ ಬಂದರೆ ಈ ಅಂಶ ಬಿಡಬೇಡಿ.

ಮೆಕ್ಕೆಜೋಳ ಒಕ್ಕುವ ಮಷೀನಿನ ಹತ್ತಿರ ನಿಂತರೆ ಕೆಮ್ಮು ಬರುವುದನ್ನು ಹಂತ ಹಂತವಾಗಿ ಹೇಳಬಹುದಾ?

ಒಳ್ಳೆಯ ಪ್ರಶ್ನೆ. ದಾವಣಗೆರೆ ಸುತ್ತಮುತ್ತಲಿನ ಹಳ್ಳಿಯವರಿಗೆ ಸುಗ್ಗಿಯ ಈ ಧೂಳನ್ನು ವಿವರಿಸಿ ಹೇಳಬೇಕಿಲ್ಲ.

ಮಷೀನು ಓಡುತ್ತಿದೆ. ಪಕ್ಕದವನಿಗೆ ಕೇಳಿಸಲಿ ಅಂತ ಒಬ್ಬರು ಬಾಯಿ ತೆರೆದು ಕೂಗಿ ಮಾತಾಡುತ್ತಿದ್ದಾರೆ. ಮೂಗಿನಲ್ಲಿ ಎಳೆದಿದ್ದರೆ ದಪ್ಪ ಧೂಳು ಜಾಸ್ತಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಸೀನು ಬರುತ್ತಿತ್ತು. ಸೀನಿನ ಸುದ್ದಿ ಹೊರುವುದು ಐದನೇ ನರ, ಟ್ರೈಜೆಮಿನಲ್. ಬಾಯಲ್ಲಿ ಎಳೆದಿದ್ದರಿಂದ ಧೂಳು ನೇರವಾಗಿ ಕೆಳಗಿಳಿದು ಕರೀನಾದ ಹತ್ತಿರ ಗೋಡೆಗೆ ಬಡಿಯುತ್ತದೆ. ಗಾಳಿ ಅಲ್ಲಿ ತಿರುಗಿಕೊಳ್ಳುತ್ತದೆ, ಭಾರದ ಕಣ ತಿರುಗಲಾರದೆ ಅಲ್ಲೇ ಅಂಟುತ್ತದೆ. ರಿಸೆಪ್ಟರ್‌ಗಳು ದಟ್ಟವಾಗಿರುವುದೂ ಅಲ್ಲೇ.

ವೇಗಸ್ ಸುದ್ದಿಯನ್ನು ಎನ್‌ಟಿಎಸ್‌ಗೆ ಒಯ್ಯುತ್ತದೆ. ಕಣ ಧ್ವನಿಪೆಟ್ಟಿಗೆಯಲ್ಲೇ ಬಿದ್ದಿದ್ದರೆ ವೇಗಸ್‌ನ ಕವಲಾದ ಸುಪೀರಿಯರ್ ಲ್ಯಾರಿಂಜಿಯಲ್ ನರದ ಮೂಲಕ ಹೋಗುತ್ತಿತ್ತು. ಮೆಡುಲ್ಲಾದಿಂದ ವಾಪಸ್ ಬರುವ ಅಪ್ಪಣೆ ಮೂರು ದಾರಿಯಲ್ಲಿ ಹೊರಡುತ್ತದೆ: ಫ್ರೆನಿಕ್ ನರದಲ್ಲಿ ವಪೆಗೆ, ಬೆನ್ನುಹುರಿಯ ನರಗಳಲ್ಲಿ ಪಕ್ಕೆಲುಬು ಮತ್ತು ಹೊಟ್ಟೆಯ ಸ್ನಾಯುಗಳಿಗೆ, ರಿಕರೆಂಟ್ ಲ್ಯಾರಿಂಜಿಯಲ್ ನರದಲ್ಲಿ ವೋಕಲ್ ಕಾರ್ಡ್‌ಗಳಿಗೆ.

ಮೊದಲು ಆಳವಾದ ಉಸಿರೆಳೆತ, 2.5 ಲೀಟರ್‌ವರೆಗೆ. ಆಮೇಲೆ ವೋಕಲ್ ಕಾರ್ಡ್‌ಗಳು ಬಿಗಿಯಾಗಿ ಮುಚ್ಚುತ್ತವೆ, ಸುಮಾರು 0.2 ಸೆಕೆಂಡು. ಬಾಗಿಲು ಮುಚ್ಚಿರುವಾಗಲೇ ಹೊಟ್ಟೆಯ ಸ್ನಾಯುಗಳು ಜೋರಾಗಿ ಒತ್ತುತ್ತವೆ, ಎದೆಯೊಳಗಿನ ಒತ್ತಡ 100 ಮಿ.ಮೀ. ಪಾದರಸ ಅಥವಾ ಅದಕ್ಕೂ ಮೇಲೆ ಏರುತ್ತದೆ. ಕೊನೆಗೆ ಕಾರ್ಡ್‌ಗಳು ದಿಢೀರ್ ತೆರೆಯುತ್ತವೆ, ಗಾಳಿ ನುಗ್ಗಿ ಹೊರಬರುತ್ತದೆ, ಲೋಳೆಯ ಜೊತೆ ಧೂಳೂ ಬರುತ್ತದೆ.

ಕೆಮ್ಮು ನಿಂತ ಮೇಲೂ ಎದೆ ಬಿಗಿದು ಸುಂಯ್ ಅನ್ನುತ್ತಿದ್ದರೆ ಕೊಳವೆಗಳು ಕಿರಿದಾಗಿವೆ ಅಂತ ಅರ್ಥ. ಇದರಲ್ಲೂ ವೇಗಸ್‌ನ ಕೈ ಇದೆ. ಈ ಸಲ ಹೊರಗೆ ಬರುವ ದಾರಿಯಲ್ಲಿ, ಅಸಿಟೈಲ್‌ಕೋಲಿನ್ ಮೂಲಕ. ಅದಕ್ಕೇ ಅಟ್ರೋಪಿನ್ ಜಾತಿಯ ಇಪ್ರಟ್ರೋಪಿಯಂ ಈ ಬಿಗಿತವನ್ನು ಸಡಿಲಿಸುತ್ತದೆ.

ಒಂದು ಪುಸ್ತಕದಲ್ಲಿ ಕೆಮ್ಮಿನ ವೇಗ ಗಂಟೆಗೆ 100 ಮೈಲಿ, ಇನ್ನೊಂದರಲ್ಲಿ 965 ಕಿ.ಮೀ. ಯಾವುದು ನಿಜ?

100 ಮೈಲಿ ಅಂದರೆ 160 ಕಿ.ಮೀ. ಅದಕ್ಕೂ 965ಕ್ಕೂ ಆರು ಪಟ್ಟು ವ್ಯತ್ಯಾಸ. ಜಗಳ ಬಿಡಿಸಲು ಒಂದು ಲೆಕ್ಕ ಮಾಡೋಣ.

ಆರೋಗ್ಯವಂತ ವಯಸ್ಕರ ಕೆಮ್ಮಿನಲ್ಲಿ ಗಾಳಿಯ ಹರಿವು ನಿಮಿಷಕ್ಕೆ 360 ಲೀಟರ್ ದಾಟುತ್ತದೆ. 360 ಅಂತಲೇ ಹಿಡಿಯೋಣ, ಸೆಕೆಂಡಿಗೆ 6 ಲೀಟರ್, ಅಂದರೆ 6000 ಘನ ಸೆಂ.ಮೀ. ಶ್ವಾಸನಾಳದ ಬಾಯಿ ಸುಮಾರು 2.5 ಚದರ ಸೆಂ.ಮೀ.

6000 ÷ 2.5 = 2400 ಸೆಂ.ಮೀ./ಸೆ. = 24 ಮೀ./ಸೆ., ಗಂಟೆಗೆ ಸುಮಾರು 86 ಕಿ.ಮೀ.

ಆದರೆ ಕೆಮ್ಮುವಾಗ ಶ್ವಾಸನಾಳ ಗುಂಡಗೆ ಉಳಿಯುವುದಿಲ್ಲ. ಅದರ ಮೃದ್ವಸ್ಥಿಯ ಉಂಗುರಗಳು ಹಿಂಭಾಗದಲ್ಲಿ ಪೂರ್ತಿಯಾಗಿಲ್ಲ, ಅಲ್ಲಿ ಮೆತ್ತನೆ ಪೊರೆ ಇದೆ. ಎದೆಯ ಒತ್ತಡಕ್ಕೆ ಆ ಪೊರೆ ಒಳಗೆ ಮಡಚಿಕೊಂಡು ದಾರಿ ಸೀಳಿನಂತಾಗುತ್ತದೆ. ಬಾಯಿ ಆರನೇ ಒಂದು ಭಾಗಕ್ಕೆ, ಸುಮಾರು 0.4 ಚದರ ಸೆಂ.ಮೀ.ಗೆ ಇಳಿಯಿತು ಅಂತ ಊಹಿಸಿ.

6000 ÷ 0.4 = 15000 ಸೆಂ.ಮೀ./ಸೆ. = 150 ಮೀ./ಸೆ., ಗಂಟೆಗೆ 540 ಕಿ.ಮೀ.

ಹರಿವು ಅದೇ, ದಾರಿ ಕಿರಿದಾಯಿತು, ವೇಗ ಏರಿತು. ಹಾಗಾಗಿ ಯಾವ ಜಾಗದ ವೇಗ, ಎಷ್ಟು ಜೋರಿನ ಕೆಮ್ಮು ಅನ್ನುವುದರ ಮೇಲೆ ಸಂಖ್ಯೆ ಬದಲಾಗುತ್ತದೆ. ತುಟಿ ದಾಟಿ ಹೊರಬಂದ ಗಾಳಿಯ ವೇಗ ಇನ್ನೂ ಕಡಿಮೆ. ಉತ್ತರದಲ್ಲಿ ನಿಮ್ಮ ಪಠ್ಯಪುಸ್ತಕದ ಸಂಖ್ಯೆ ಬರೆಯಿರಿ, ಜೊತೆಗೆ "ಶ್ವಾಸನಾಳ ಕಿರಿದಾಗುವುದರಿಂದ ವೇಗ ಹೆಚ್ಚುತ್ತದೆ" ಅಂತ ಒಂದು ಸಾಲು ಸೇರಿಸಿ. ನನ್ನ ಪ್ರಕಾರ ಆ ಸಾಲು ಸಂಖ್ಯೆಗಿಂತ ಮುಖ್ಯ. ಗೋಡೆಗೆ ಅಂಟಿದ ಲೋಳೆ ಕಿತ್ತು ಬರುವುದೇ ಆ ವೇಗದಿಂದ.

ಕೆಮ್ಮಿನ ರಿಫ್ಲೆಕ್ಸ್ ಎಲ್ಲಿ ಕೈಕೊಡುತ್ತದೆ? ಹೇಗೆ ಗೊತ್ತಾಗುತ್ತದೆ?

ಮೇಲಿನ ಹಂತಗಳಲ್ಲಿ ಯಾವುದು ತಪ್ಪಿದೆ ಅಂತ ಹುಡುಕಿದರೆ ಉತ್ತರ ತಾನಾಗೇ ಬರುತ್ತದೆ.

ರಿಕರೆಂಟ್ ಲ್ಯಾರಿಂಜಿಯಲ್ ನರಕ್ಕೆ ಪೆಟ್ಟಾದರೆ, ಉದಾಹರಣೆಗೆ ಥೈರಾಯ್ಡ್ ಆಪರೇಷನ್‌ನಲ್ಲಿ, ವೋಕಲ್ ಕಾರ್ಡ್ ಪೂರ್ತಿ ಮುಚ್ಚುವುದಿಲ್ಲ. ಒತ್ತಡ ಕಟ್ಟುವುದಿಲ್ಲ. ಕೆಮ್ಮಿನ ಶುರುವಿನ "ಠಕ್" ಸದ್ದು ಇರುವುದಿಲ್ಲ, ಗಾಳಿ ಸೋರಿದ ಹಾಗೆ ಉದ್ದಕ್ಕೆ ಕೇಳುತ್ತದೆ, ದನಿಯೂ ಒಡಕಾಗಿರುತ್ತದೆ. ವೈದ್ಯರು ಇದನ್ನು ಬೋವೈನ್ ಕೆಮ್ಮು ಅನ್ನುತ್ತಾರೆ. ದನದ ಕೆಮ್ಮು ಕೇಳಿದವರಿಗೆ ಹೋಲಿಕೆ ತಕ್ಷಣ ಸಿಗುತ್ತದೆ.

ಕತ್ತಿನ ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾದವರಲ್ಲಿ ರಿಸೆಪ್ಟರ್, ವೇಗಸ್, ವೋಕಲ್ ಕಾರ್ಡ್ ಎಲ್ಲಾ ಸರಿ ಇರುತ್ತವೆ. ಹೊಟ್ಟೆಯ ಸ್ನಾಯು ಮಾತ್ರ ಒತ್ತುವುದಿಲ್ಲ. ಕೆಮ್ಮಬೇಕು ಅನಿಸುತ್ತದೆ, ಕಫ ಬರುವುದಿಲ್ಲ. ಮೀಟರಿನಲ್ಲಿ ಅಳೆದಾಗ ಹರಿವು ನಿಮಿಷಕ್ಕೆ 160 ಲೀಟರಿಗಿಂತ ಕಡಿಮೆ ಇದ್ದರೆ ಕಫವನ್ನು ತಾವಾಗಿ ಹೊರಹಾಕುವುದು ಕಷ್ಟ. ಆಗ ಫಿಸಿಯೋಥೆರಪಿಸ್ಟ್ ಕೆಮ್ಮುವ ಕ್ಷಣಕ್ಕೆ ಸರಿಯಾಗಿ ಹೊಟ್ಟೆಯನ್ನು ಕೈಯಿಂದ ಒತ್ತಿ ಸಹಾಯ ಮಾಡುತ್ತಾರೆ.

ಆಳವಾದ ಅರಿವಳಿಕೆಯಲ್ಲಿ ಮೆದುಳಿನ ಹಂತವೇ ಅಡಗಿರುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ಆಪರೇಷನ್‌ಗೆ ಮುಂಚೆ ಉಪವಾಸ ಇರಿ ಅನ್ನುವುದಕ್ಕೆ ಇದೇ ಕಾರಣ. ಕೊಡೀನ್ ಕೂಡ ಮೆದುಳಿನ ಮಟ್ಟದಲ್ಲೇ ಕೆಮ್ಮನ್ನು ತಗ್ಗಿಸುತ್ತದೆ.

ಮಿರ್ಚಿಗೆ ಮೆಣಸಿನಕಾಯಿ ಹುರಿಯುವಾಗ ಬರುವ ಘಾಟಿನ ಕೆಮ್ಮೂ ಇದೇನಾ?

ಪೂರ್ತಿ ಅಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮುಖ್ಯವಾಗಿ ಕೆರಳಿಸುವುದು ಮೈಲಿನ್ ಇಲ್ಲದ ಸಿ ನಾರುಗಳ ತುದಿಗಳನ್ನು. ಅವುಗಳ ಸುದ್ದಿಯೂ ವೇಗಸ್‌ನಲ್ಲೇ ಹೋಗುತ್ತದೆ, ಕೆಮ್ಮೂ ಬರುತ್ತದೆ. ಮೂರು ಅಂಕದ ಉತ್ತರದಲ್ಲಿ ಇದು ಬೇಡ. ವೈವಾದಲ್ಲಿ ಕೇಳಿದರೆ ಹೇಳಿ.

ಜೆ ರಿಸೆಪ್ಟರನ್ನು ಇದರ ಜೊತೆ ಬರೆಯಬೇಕಾ?

ಪ್ರಶ್ನೆಯಲ್ಲಿ ಕೇಳದಿದ್ದರೆ ಬೇಡ. ಗೊಂದಲ ಆಗದಿರಲಿ ಅಂತ ಇಷ್ಟು ನೆನಪಿಡಿ. ಅವು ಗಾಳಿಗೂಡಿನ ಗೋಡೆಯಲ್ಲಿ, ರಕ್ತದ ಲೋಮನಾಳಗಳ ಪಕ್ಕದಲ್ಲಿರುತ್ತವೆ. 1955ರಲ್ಲಿ ಭಾರತದ ಎ.ಎಸ್. ಪೈಂಟಲ್ ತೋರಿಸಿಕೊಟ್ಟರು. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಾಗ ಇವು ಎಚ್ಚರಗೊಂಡು ಉಸಿರನ್ನು ವೇಗವಾಗಿ, ಮೇಲುಮೇಲಕ್ಕೆ ಓಡಿಸುತ್ತವೆ.

ಕಿವಿಗೆ ಕಡ್ಡಿ ಹಾಕಿದರೆ ಕೆಲವರಿಗೆ ಕೆಮ್ಮು ಬರುವುದು ಯಾಕೆ?

ಕಿವಿಯ ಕಾಲುವೆಯ ಚರ್ಮದ ಒಂದು ಭಾಗಕ್ಕೆ ವೇಗಸ್‌ನದೇ ಕವಲು ಬರುತ್ತದೆ, ಅರ್ನಾಲ್ಡ್ ನರ ಅಂತ ಹೆಸರು. ಅಲ್ಲಿ ಮುಟ್ಟಿದ ಸುದ್ದಿಯೂ ಮೆಡುಲ್ಲಾಕ್ಕೇ ಹೋಗುತ್ತದೆ, ಕೆಲವರಲ್ಲಿ ಅಷ್ಟಕ್ಕೇ ಕೆಮ್ಮು ಬಂದುಬಿಡುತ್ತದೆ. ಕಾರಣ ತಿಳಿಯದ ಒಣ ಕೆಮ್ಮು ಅಂತ ಬಂದವರ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿದೆಯಾ ಅಂತ ವೈದ್ಯರು ಬ್ಯಾಟರಿ ಬಿಟ್ಟು ನೋಡುವುದು ಇದಕ್ಕೇ.